ನಾಲ್ಕು ಜನರ ಮನೆಗೆ ಫ್ರಿಜ್: ಸಿಂಗಲ್ ಡೋರಾ, ಡಬಲ್ ಡೋರಾ?

ಕಳೆದ ವರ್ಷ ಎರಡು ತಿಂಗಳ ಅಂತರದಲ್ಲಿ ಎರಡು ಮನೆಯವರಿಗೆ ಫ್ರಿಜ್ ಆರಿಸಲು ಜೊತೆಗೆ ಹೋಗಿದ್ದೆ. ಒಂದು ಕುಂಬಳೆ ಹತ್ತಿರದ ನನ್ನ ತಂಗಿಯ ಮನೆ. ಇನ್ನೊಂದು ಬದಿಯಡ್ಕದಲ್ಲಿ ನಮ್ಮ ಪಕ್ಕದ ಮನೆ. ಎರಡೂ ಕಡೆ ಜನ ನಾಲ್ಕೇ: ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ತಂಗಿ ಡಬಲ್ ಡೋರ್ ತಂದಳು, ಪಕ್ಕದ ಮನೆಯ ಅಕ್ಕ ಸಿಂಗಲ್ ಡೋರ್ ತಂದರು. ಇಬ್ಬರೂ ಸರಿಯಾದದ್ದನ್ನೇ ತಂದರು ಅಂತ ನನಗೆ ಈಗಲೂ ಅನಿಸುತ್ತದೆ. ಹಾಗಾದರೆ "ನಾಲ್ಕು ಜನ ಇದ್ದರೆ ಇಷ್ಟು ಲೀಟರ್" ಎಂಬ ಅಂಗಡಿಯ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅಲ್ವಾ? ಬಿಟ್ಟುಹೋದದ್ದು ಫ್ರೀಜರ್. ಅದನ್ನು ಹಿಡಿದುಕೊಂಡೇ ಒಂದೊಂದು ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು: ಇವೆರಡರ ವ್ಯತ್ಯಾಸ ಬಾಗಿಲಲ್ಲಿ ಇಲ್ಲ

ನಮ್ಮ ಅಂಗಡಿಗಳಲ್ಲಿ ಸಿಗುವ ಸಿಂಗಲ್ ಡೋರ್ ಫ್ರಿಜ್‌ಗಳು ಹೆಚ್ಚುಕಡಿಮೆ ಎಲ್ಲವೂ ಡೈರೆಕ್ಟ್ ಕೂಲ್. ಮೇಲಿನ ಪುಟ್ಟ ಫ್ರೀಜರ್ ಪೆಟ್ಟಿಗೆಯೇ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ತಾನಾಗಿ ಕೆಳಗೆ ಇಳಿಯುತ್ತದೆ. ಒಳಗೆ ಫ್ಯಾನ್ ಇಲ್ಲ. ಗಾಳಿಯಲ್ಲಿರುವ ತೇವ ಆ ಪೆಟ್ಟಿಗೆಯ ಗೋಡೆಗೆ ತಾಗಿ ಐಸ್ ಆಗಿ ಕಟ್ಟುತ್ತದೆ. ಅದನ್ನು ಆಗಾಗ ನಾವೇ ಗುಂಡಿ ಒತ್ತಿ ಕರಗಿಸಬೇಕು.

ಡಬಲ್ ಡೋರ್ ಎಂದರೆ ಸಾಮಾನ್ಯವಾಗಿ ಫ್ರಾಸ್ಟ್ ಫ್ರೀ. ತಣ್ಣಗಾಗುವ ಕೊಳವೆಗಳು ಫ್ರೀಜರಿನ ಹಿಂಬದಿಯ ಹಲಗೆಯ ಹಿಂದೆ ಅಡಗಿರುತ್ತವೆ. ಒಂದು ಫ್ಯಾನ್ ಆ ತಂಪನ್ನು ಎರಡೂ ಕಡೆ ಹರಡುತ್ತದೆ. ಕೊಳವೆಯ ಮೇಲೆ ಕಟ್ಟಿದ ಐಸನ್ನು ಒಂದು ಹೀಟರ್ ಆಗಾಗ ತಾನಾಗಿ ಕರಗಿಸುತ್ತದೆ. ಕರಗಿದ ನೀರು ಹಿಂದೆ ಕಂಪ್ರೆಸರ್ ಹತ್ತಿರದ ತಟ್ಟೆಗೆ ಹೋಗಿ ಆರುತ್ತದೆ. ನಮಗೆ ಕೆಲಸ ಇಲ್ಲ, ಆದರೆ ಆ ಫ್ಯಾನು, ಹೀಟರು ಎರಡಕ್ಕೂ ಕರೆಂಟ್ ಬೇಕು.

ಎರಡನೆಯದು: ಹೆಚ್ಚಿನ ಲೀಟರ್ ಎಲ್ಲಿಗೆ ಹೋಗುತ್ತದೆ ನೋಡಿ

ತಂಗಿ ಅಂಗಡಿಯಲ್ಲಿ ಎರಡು ಫ್ರಿಜ್‌ಗಳ ನಡುವೆ ನಿಂತಿದ್ದಳು. ಒಂದು 192 ಲೀಟರಿನ ಸಿಂಗಲ್ ಡೋರ್, ಇನ್ನೊಂದು 246 ಲೀಟರಿನ ಡಬಲ್ ಡೋರ್. "54 ಲೀಟರ್ ಜಾಸ್ತಿ, ತರಕಾರಿ, ಹಾಲು ಎಲ್ಲ ಆರಾಮಾಗಿ ಹಿಡಿಯುತ್ತದೆ" ಅಂದಳು. ನಾನು ಎರಡರ ವಿವರದ ಚೀಟಿಯನ್ನೂ ತರಿಸಿ ಓದಿದೆ. ಸಿಂಗಲ್ ಡೋರಿನ ಫ್ರೀಜರ್ 16 ಲೀಟರ್, ಡಬಲ್ ಡೋರಿನದು 56 ಲೀಟರ್. ಫ್ರೀಜರ್ ಕಳೆದರೆ ಕೆಳಗೆ ಉಳಿಯುವುದು ಒಂದರಲ್ಲಿ 176 ಲೀಟರ್, ಇನ್ನೊಂದರಲ್ಲಿ 190. ಅಂದರೆ ಹಾಲು, ಮೊಸರು, ದೋಸೆ ಹಿಟ್ಟು, ತರಕಾರಿ ಇಡುವ ಜಾಗದಲ್ಲಿ ವ್ಯತ್ಯಾಸ ಬರೀ 14 ಲೀಟರ್. ಉಳಿದ 40 ಲೀಟರ್ ಪೂರ್ತಿ ಫ್ರೀಜರಿಗೆ ಹೋಗಿತ್ತು.

ಈ ಲೆಕ್ಕವನ್ನು ನೀವೂ ಮಾಡಲೇಬೇಕು. ಬಾಗಿಲ ಮೇಲೆ ಅಂಟಿಸಿದ ದೊಡ್ಡ ಅಂಕಿ ನೋಡಿ ನಿಲ್ಲಬೇಡಿ. ಫ್ರೀಜರಿನ ಲೀಟರ್ ಎಷ್ಟು ಅಂತ ಬೇರೆಯಾಗಿ ಕೇಳಿ. ಜೊತೆಗೆ ಒಟ್ಟು ಗಾತ್ರಕ್ಕೂ ನಿಜವಾಗಿ ಸಾಮಾನು ಇಡಬಹುದಾದ ಗಾತ್ರಕ್ಕೂ ವ್ಯತ್ಯಾಸ ಇರುತ್ತದೆ. ಒಂದು ಫ್ರಿಜ್‌ನದ್ದು ಒಟ್ಟು ಗಾತ್ರ, ಇನ್ನೊಂದರದ್ದು ಬಳಸುವ ಗಾತ್ರ ಹಿಡಿದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ "ನಾಲ್ಕು ಜನಕ್ಕೆ ಎಷ್ಟು ಲೀಟರ್ ಬೇಕು" ಎಂಬುದಲ್ಲ. "ನಮ್ಮ ಮನೆಯಲ್ಲಿ ಫ್ರೀಜರಿಗೆ ಎಷ್ಟು ಕೆಲಸ ಇದೆ" ಎಂಬುದು. ಅದನ್ನು ತಿಳಿಯಲು ಒಂದು ವಾರ ಸಾಕು. ಈಗಿರುವ ಫ್ರಿಜ್‌ನ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಫ್ರೀಜರಿಗೆ ಏನು ಹೋಯಿತು, ಎಷ್ಟು ದಿನ ಇತ್ತು, ಜಾಗ ಇಲ್ಲದೆ ಏನು ಹೊರಗೆ ಉಳಿಯಿತು ಅಂತ ಬರೆಯಿರಿ. ಕೆಳಗಿನ ಭಾಗದಲ್ಲಿ ಒಂದರ ಮೇಲೊಂದು ಪಾತ್ರೆ ಇಡಬೇಕಾದ ದಿನಗಳಿಗೂ ಒಂದು ಗುರುತು ಹಾಕಿ.

ತಂಗಿಯ ಮನೆಯಲ್ಲಿ ವಾರಕ್ಕೆ ಎರಡು ಸಲ ಮೀನು ತರುತ್ತಾರೆ. ಅಗ್ಗಕ್ಕೆ ಬಂಗುಡೆಯೋ ಬೂತಾಯಿಯೋ ಸಿಕ್ಕಿದರೆ ಎರಡು ಮೂರು ಕಿಲೋ ಒಟ್ಟಿಗೆ ತಂದು, ಶುಚಿ ಮಾಡಿ, ಡಬ್ಬಗಳಲ್ಲಿ ಹಾಕಿ ಇಡುತ್ತಾರೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಆಗ ಮೀನಿನ ಬೆಲೆ ಏರುತ್ತದೆ, ಸಿಕ್ಕಿದಾಗ ತಂದಿಡುವುದು ಇನ್ನೂ ಜಾಸ್ತಿ. ಮೇ ತಿಂಗಳಲ್ಲಿ ತವರಿನಿಂದ ಹಲಸಿನ ಸೊಳೆ ಬರುತ್ತದೆ. ಕಾಯಿ ಒಟ್ಟಿಗೆ ತುರಿದು ಡಬ್ಬದಲ್ಲಿ ಇಡುವ ಅಭ್ಯಾಸ ಬೇರೆ. ಹಳೆಯ ಸಿಂಗಲ್ ಡೋರಿನ ಫ್ರೀಜರಿನಲ್ಲಿ ಎರಡು ಮೀನಿನ ಡಬ್ಬ ಇಟ್ಟರೆ ಐಸ್ ಟ್ರೇ ಹೊರಗೆ ಬರಬೇಕಿತ್ತು.

ಪಕ್ಕದ ಮನೆಯ ಅಕ್ಕನದ್ದು ಬೇರೆ ಲೋಕ. ಮೀನು ಮಾಂಸ ಇಲ್ಲ. ಹಟ್ಟಿಯಲ್ಲಿ ಹಸು ಇದೆ, ತೋಟದಲ್ಲಿ ಕಾಯಿ ಇದೆ, ದಿನದ ತುರಿ ದಿನಕ್ಕೇ. ಅವರ ಚೀಟಿಯಲ್ಲಿ ಫ್ರೀಜರಿನ ಕೆಳಗೆ ಬರೆದದ್ದು ಎರಡೇ: ಐಸ್, ಮಕ್ಕಳ ಐಸ್‌ಕ್ರೀಮ್. ಆದರೆ ಕೆಳಗೆ ಮಜ್ಜಿಗೆಯ ಪಾತ್ರೆ, ಮೊಸರು, ಬೆಣ್ಣೆ, ಹಿಟ್ಟು ಅಂತ ಜಾಗ ಸಾಲುತ್ತಿರಲಿಲ್ಲ. ಅವರಿಗೆ ಡಬಲ್ ಡೋರ್ ಕೊಡಿಸಿದ್ದರೆ 56 ಲೀಟರಿನಲ್ಲಿ ಹೆಚ್ಚಿನದ್ದು ಸುಮ್ನೆ ಖಾಲಿ ಇರುತ್ತಿತ್ತು.

ಫ್ರೀಜರಿನ ಗಾತ್ರದ ಜೊತೆಗೆ ಅದರ ತಂಪೂ ಮುಖ್ಯ. ಮೀನನ್ನು ವಾರಗಟ್ಟಲೆ ಇಡಬೇಕಾದರೆ ಸೊನ್ನೆಯಿಂದ ಕೆಳಗೆ 18 ಡಿಗ್ರಿ ಬೇಕು. ಡಬಲ್ ಡೋರಿನ ಫ್ರೀಜರ್‌ಗೆ ಬೇರೆಯೇ ಬಾಗಿಲು ಇರುವುದರಿಂದ, ಕೆಳಗಿನ ಬಾಗಿಲನ್ನು ಎಷ್ಟು ಸಲ ತೆರೆದರೂ ಆ ತಂಪು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಸಿಂಗಲ್ ಡೋರಿನಲ್ಲಿ ಮಕ್ಕಳು ನೀರಿಗೆ ಬಾಗಿಲು ತೆರೆದಾಗಲೆಲ್ಲ ಫ್ರೀಜರಿಗೂ ಬಿಸಿ ಗಾಳಿ ತಾಗುತ್ತದೆ. ಮನೆಯಲ್ಲೇ ನೋಡಲು ಸುಲಭದ ದಾರಿ ಐಸ್‌ಕ್ರೀಮ್. ಒಂದು ರಾತ್ರಿ ಇಟ್ಟ ಮೇಲೂ ಚಮಚ ಸಲೀಸಾಗಿ ಇಳಿದರೆ ಆ ಫ್ರೀಜರ್ ಮೀನು ವಾರಗಟ್ಟಲೆ ಇಡುವಷ್ಟು ತಣ್ಣಗಿಲ್ಲ. ಎರಡು ಮೂರು ದಿನದಲ್ಲಿ ಮುಗಿಸಿಬಿಡಿ.

ಮೂರನೆಯದು: ನಿಮ್ಮ ಪಾತ್ರೆಯನ್ನು ಅಳೆಯಿರಿ

ಅಂಗಡಿಯ ಫ್ರಿಜ್ ಒಳಗೆ ಬಾಟಲಿ, ಪ್ಲಾಸ್ಟಿಕ್ ಹಣ್ಣು ಚಂದಕ್ಕೆ ಜೋಡಿಸಿರುತ್ತಾರೆ. ನಮ್ಮ ಮನೆಯಲ್ಲಿ ಇಡುವುದು ದೋಸೆ ಹಿಟ್ಟಿನ ಪಾತ್ರೆ. ಮನೆಯ ಅತಿ ದೊಡ್ಡ ಪಾತ್ರೆಯ ಅಗಲ, ಎತ್ತರ ಬರೆದುಕೊಂಡು ಹೋಗಿ. ಅಕ್ಕನ ಹಿಟ್ಟಿನ ಪಾತ್ರೆ ಮುಚ್ಚಳ ಸೇರಿ 24 ಸೆಂಟಿಮೀಟರ್ ಎತ್ತರ ಇತ್ತು. ಮೊದಲು ಮೆಚ್ಚಿದ ಒಂದು ಮಾದರಿಯಲ್ಲಿ ಗಾಜಿನ ಹಲಗೆಗಳ ನಡುವೆ 20 ಸೆಂಟಿಮೀಟರ್ ಮಾತ್ರ. ಒಂದು ಹಲಗೆ ತೆಗೆದರೆ ಪಾತ್ರೆ ಕೂರುತ್ತದೆ, ಆದರೆ ಅದರ ಮೇಲಿನ ಜಾಗವೆಲ್ಲ ವ್ಯರ್ಥ. ಹಲಗೆಯನ್ನು ಮೇಲೆ ಕೆಳಗೆ ಸರಿಸಲು ಬರುವ ಇನ್ನೊಂದು ಮಾದರಿಯನ್ನು ಆರಿಸಿದರು. ಲೀಟರ್ ಎರಡರದ್ದೂ ಒಂದೇ.

ಡಬಲ್ ಡೋರ್ ತೆಗೆದುಕೊಳ್ಳುವವರು ಗಾಳಿ ಬರುವ ತೂತುಗಳು ಎಲ್ಲಿವೆ ಅಂತ ಕೂಡ ನೋಡಿ. ಹಿಂಬದಿಯ ಆ ತೂತುಗಳಿಗೆ ಪಾತ್ರೆ ತಾಗಿಸಿ ಇಟ್ಟರೆ ಗಾಳಿ ಓಡಾಡುವುದಿಲ್ಲ. ಅಂದರೆ ಡಬಲ್ ಡೋರನ್ನು ಗೋಡೆಯವರೆಗೆ ತುರುಕಿ ತುಂಬಿಸಲು ಆಗುವುದಿಲ್ಲ. ಮುಚ್ಚದೆ ಇಟ್ಟ ಅನ್ನ, ಕತ್ತರಿಸಿದ ತರಕಾರಿ ಫ್ಯಾನಿನ ಗಾಳಿಗೆ ಬೇಗ ಒಣಗುತ್ತವೆ. ಮುಚ್ಚಳದ ಡಬ್ಬ ಬೇಕೇ ಬೇಕು.

ನಾಲ್ಕನೆಯದು: ಕರೆಂಟಿನ ಲೆಕ್ಕ

ಇಲ್ಲಿ ಹೆಚ್ಚಿನವರು ಎಡವುವುದು ಸ್ಟಾರ್ ಎಣಿಸುವಾಗ. ಸಿಂಗಲ್ ಡೋರಿನ 3 ಸ್ಟಾರ್ ಮತ್ತು ಡಬಲ್ ಡೋರಿನ 3 ಸ್ಟಾರ್ ಒಂದೇ ಅಲ್ಲ. ಡೈರೆಕ್ಟ್ ಕೂಲ್ ಮತ್ತು ಫ್ರಾಸ್ಟ್ ಫ್ರೀ ಎರಡಕ್ಕೂ ಬೇರೆ ಬೇರೆ ಅಳತೆಗೋಲು ಇದೆ. ಗಾತ್ರ ದೊಡ್ಡದಾದಂತೆ ಅದೇ ಸ್ಟಾರಿಗೆ ಹೆಚ್ಚು ಯೂನಿಟ್ ಸುಡಲು ಅವಕಾಶವೂ ಇದೆ. ಜೊತೆಗೆ ನಿಯಮ ಆಗಾಗ ಬಿಗಿಯಾಗುತ್ತದೆ. ಹಾಗಾಗಿ ಹಳೆಯ ಸ್ಟಾಕಿನ ಸ್ಟಾರನ್ನು ಹೊಸದರ ಸ್ಟಾರಿಗೆ ಹೋಲಿಸಬೇಡಿ, ಲೇಬಲ್ ಮೇಲಿನ ವರ್ಷ ನೋಡಿ.

ನೋಡಬೇಕಾದದ್ದು ಸ್ಟಾರ್ ಲೇಬಲ್ ಮೇಲೆ ಅಚ್ಚಾಗಿರುವ ವರ್ಷದ ಯೂನಿಟ್. ಮನೆಯಲ್ಲಿ ನಿಜವಾಗಿ ಸುಡುವುದು ಅದಕ್ಕಿಂತ ಹೆಚ್ಚುಕಡಿಮೆ ಆಗಬಹುದು, ಏಕೆಂದರೆ ಪರೀಕ್ಷೆ ಮಾಡುವ ಜಾಗದಲ್ಲಿ ನಮ್ಮ ಮಕ್ಕಳ ಹಾಗೆ ಬಾಗಿಲು ತೆರೆಯುವವರು ಇರುವುದಿಲ್ಲ. ಆದರೂ ಎರಡು ಫ್ರಿಜ್‌ಗಳನ್ನು ಹೋಲಿಸಲು ಈ ಅಂಕಿ ಸಾಕು.

ತಂಗಿಯ ಮುಂದಿದ್ದ ಸಿಂಗಲ್ ಡೋರಿನ ಲೇಬಲ್‌ನಲ್ಲಿ ವರ್ಷಕ್ಕೆ 152 ಯೂನಿಟ್, ಡಬಲ್ ಡೋರಿನಲ್ಲಿ 214. ಎರಡೂ 3 ಸ್ಟಾರ್. ವ್ಯತ್ಯಾಸ 62 ಯೂನಿಟ್. ಕೆಎಸ್‌ಇಬಿ ಬಿಲ್ಲು ಬರುವುದು ಎರಡು ತಿಂಗಳಿಗೆ ಒಮ್ಮೆ, ಅಂದರೆ ವರ್ಷಕ್ಕೆ ಆರು. 62ನ್ನು ಆರರಿಂದ ಭಾಗಿಸಿದರೆ ಒಂದು ಬಿಲ್ಲಿಗೆ ಸುಮಾರು 10 ಯೂನಿಟ್ ಜಾಸ್ತಿ.

ಆ 10 ಯೂನಿಟ್‌ನ ಬೆಲೆ ಎಷ್ಟು? ಬಿಲ್ಲಿನ ಸರಾಸರಿ ದರ ಹಿಡಿಯಬೇಡಿ. ಹೊಸದಾಗಿ ಸೇರುವ ಯೂನಿಟ್ ಯಾವಾಗಲೂ ನಿಮ್ಮ ಕೊನೆಯ, ಅತಿ ದುಬಾರಿ ಸ್ಲ್ಯಾಬಿಗೆ ಸೇರುತ್ತದೆ. ತಂಗಿಯ ಬಿಲ್ಲು ಎರಡು ತಿಂಗಳಿಗೆ 340 ಯೂನಿಟ್ ಆಸುಪಾಸು. ಅವಳು 300ರಿಂದ 400ರ ಸ್ಲ್ಯಾಬಿನಲ್ಲಿದ್ದಾಳೆ. ಅಲ್ಲಿ ಒಂದು ಯೂನಿಟ್‌ಗೆ ಸುಮಾರು 7 ರೂಪಾಯಿ. ಹಾಗಾಗಿ ಒಂದು ಬಿಲ್ಲಿಗೆ 70 ರೂಪಾಯಿ, ವರ್ಷಕ್ಕೆ 430 ರೂಪಾಯಿಯ ಹತ್ತಿರ. ಮೀನು ಅಗ್ಗವಾದಾಗ ತಂದಿಡುವ ಮನೆಗೆ ಅದು ಭಾರವಲ್ಲ.

ಆದರೆ ಒಂದು ಗಡಿ ಇದೆ, ಅದನ್ನು ಗಮನಿಸದೆ ಹೋಗಬೇಡಿ. ಎರಡು ತಿಂಗಳಿಗೆ 500 ಯೂನಿಟ್‌ವರೆಗೆ ಸ್ಲ್ಯಾಬ್ ಮೆಟ್ಟಿಲಿನ ಹಾಗೆ: ಮೊದಲ ಯೂನಿಟ್‌ಗಳಿಗೆ ಕಡಿಮೆ ದರ, ಮೇಲೇರಿದಂತೆ ಹೆಚ್ಚು. 500 ದಾಟಿದರೆ ಆ ಮೆಟ್ಟಿಲು ಇಲ್ಲ. ಮೊದಲ ಯೂನಿಟ್‌ನಿಂದ ಕೊನೆಯವರೆಗೆ ಒಂದೇ ದೊಡ್ಡ ದರ. ಎಸಿ ಇರುವ ಮನೆಯ ಬಿಲ್ಲು ಬೇಸಿಗೆಯಲ್ಲಿ 490ರಲ್ಲಿ ಓಲಾಡುತ್ತಿದ್ದರೆ, ಫ್ರಿಜ್‌ನ 10–15 ಯೂನಿಟ್ ಅದನ್ನು ಆಚೆ ತಳ್ಳಬಹುದು. ಆಗ ಆ ಒಂದು ಬಿಲ್ಲು ನೂರಾರು ರೂಪಾಯಿ ಜಿಗಿಯುತ್ತದೆ. ಅಂಗಡಿಗೆ ಹೋಗುವ ಮೊದಲು ಏಪ್ರಿಲ್–ಮೇ ತಿಂಗಳ ಬಿಲ್ಲು ತೆಗೆದು ಯೂನಿಟ್ ಎಷ್ಟು ನೋಡಿ. 500ರ ಹತ್ತಿರ ಇದ್ದರೆ ಸ್ಟಾರ್ ಜಾಸ್ತಿ ಇರುವುದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಲಾಭ.

ಸಿಂಗಲ್ ಡೋರ್ ಕಡಿಮೆ ಕರೆಂಟ್ ಸುಡುತ್ತದೆ ಎಂಬ ಮಾತು ನಿಜ, ಆದರೆ ಐಸ್ ಕರಗಿಸುತ್ತಿದ್ದರೆ ಮಾತ್ರ. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿಯೆಲ್ಲ ನೀರು. ಬಾಗಿಲು ತೆರೆದಾಗಲೆಲ್ಲ ಆ ತೇವ ಒಳಗೆ ಹೋಗಿ ಐಸ್ ಆಗುತ್ತದೆ. ಐಸ್ ಅರ್ಧ ಸೆಂಟಿಮೀಟರ್ ದಪ್ಪ ಆಯಿತೆಂದರೆ ಅದೇ ಒಂದು ಹೊದಿಕೆ. ತಂಪು ಹೊರಗೆ ಬರಲು ಬಿಡುವುದಿಲ್ಲ, ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಜೂನ್, ಜುಲೈಯಲ್ಲಿ ವಾರಕ್ಕೊಮ್ಮೆಯಾದರೂ ರಾತ್ರಿ ಮಲಗುವ ಮೊದಲು ಆ ಗುಂಡಿ ಒತ್ತಬೇಕು. ಹಾಗೆ ಒತ್ತಲು ನೆನಪಿಡುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದೂ ಡಬಲ್ ಡೋರ್ ಕಡೆ ಹೋಗಲು ಒಂದು ಕಾರಣವೇ.

ಕಟ್ಟಿದ ಐಸನ್ನು ಚಾಕುವಿನಿಂದ ಯಾವತ್ತೂ ಕೆತ್ತಬೇಡಿ. ನಮ್ಮ ಮನೆಯಲ್ಲೇ ಆದದ್ದು ಇದು. ಅಂಟಿಕೊಂಡ ಐಸ್ ಟ್ರೇ ಬಿಡಿಸಲು ಅಮ್ಮ ಚಾಕುವಿನ ತುದಿ ಹಾಕಿದರು. ಸುಸ್ಸ್ ಎಂದು ಸದ್ದು ಬಂತು, ಅಷ್ಟೆ. ಫ್ರೀಜರಿನ ಗೋಡೆಯೊಳಗೇ ಗ್ಯಾಸ್ ಹರಿಯುವ ದಾರಿ ಇರುವುದು ನಮಗೆ ಗೊತ್ತಿರಲಿಲ್ಲ. ಆಮೇಲೆ ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು, ಒಳಗೆ ಮಾತ್ರ ತಂಪೇ ಇಲ್ಲ. ಬೆಸುಗೆ ಹಾಕಿಸಿ ಗ್ಯಾಸ್ ತುಂಬಿಸಿದರೂ ಅದು ಒಂದು ವರ್ಷ ಬಾಳಲಿಲ್ಲ. ಅಂಥ ಸದ್ದು ಕೇಳಿದರೆ ಕಿಟಕಿ ಬಾಗಿಲು ತೆರೆಯಿರಿ, ಹತ್ತಿರ ಬೆಂಕಿ ಹಚ್ಚಬೇಡಿ. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವ ಗ್ಯಾಸ್ ಉರಿಯುವಂಥದ್ದು.

ಐದನೆಯದು: ಜಾಗ ಅಳೆಯುವುದು

ಸಾಮಾನ್ಯವಾಗಿ ಸಿಂಗಲ್ ಡೋರ್ 53ರಿಂದ 55 ಸೆಂಟಿಮೀಟರ್ ಅಗಲ, 115ರಿಂದ 130 ಎತ್ತರ ಇರುತ್ತದೆ. 250 ಲೀಟರಿನ ಆಸುಪಾಸಿನ ಡಬಲ್ ಡೋರ್ 55ರಿಂದ 60 ಅಗಲ, 145ರಿಂದ 160 ಎತ್ತರ. ಅಗಲದಲ್ಲಿ ವ್ಯತ್ಯಾಸ ಹೆಚ್ಚೆಂದರೆ ನಾಲ್ಕು ಬೆರಳು. ಅದಕ್ಕೇ ಜನ "ಹಳೆಯದಿದ್ದ ಜಾಗದಲ್ಲೇ ಕೂರುತ್ತದೆ" ಅಂದುಕೊಂಡುಬಿಡುತ್ತಾರೆ.

ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಹಿಂದೆ ಕಪ್ಪು ಜಾಲರಿ ಕಾಣುವುದಿಲ್ಲ. ಬಿಸಿ ಹೊರಹಾಕುವ ಕೊಳವೆಗಳು ಎರಡು ಪಕ್ಕದ ತಗಡಿನೊಳಗೆ ಇರುತ್ತವೆ. ಪಕ್ಕಕ್ಕೆ ಕೈ ಇಟ್ಟರೆ ಬಿಸಿ ತಾಗುತ್ತದೆ, ಅದು ದೋಷವಲ್ಲ. ಆದರೆ ಆ ಬಿಸಿ ಹೋಗಲು ಪಕ್ಕದಲ್ಲಿ ಜಾಗ ಬೇಕು. ಜೊತೆಗೆ ಬರುವ ಪುಸ್ತಕದಲ್ಲಿ ಎಷ್ಟು ಬಿಡಬೇಕು ಅಂತ ಬರೆದಿರುತ್ತದೆ. ನಾನು ಪಕ್ಕಕ್ಕೆ ತಲಾ 5, ಹಿಂದಕ್ಕೆ 10, ಮೇಲೆ 10 ಸೆಂಟಿಮೀಟರಿಗಿಂತ ಕಡಿಮೆ ಬಿಡುವುದಿಲ್ಲ.

ತಂಗಿಯ ಅಡುಗೆಮನೆಯಲ್ಲಿ ಗೋಡೆಗೂ ಕಟ್ಟೆಗೂ ನಡುವೆ 66 ಸೆಂಟಿಮೀಟರ್ ಇತ್ತು, ಮೇಲಿನ ಸ್ಲ್ಯಾಬಿನವರೆಗೆ 158. ಅವಳು ಮೆಚ್ಚಿದ ಡಬಲ್ ಡೋರ್ 58.5 ಅಗಲ, 153 ಎತ್ತರ. ಪಕ್ಕಕ್ಕೆ ಐದೈದು ಸೇರಿಸಿದರೆ 68.5 ಬೇಕು. ಮೇಲೆ ಉಳಿಯುವುದು ಐದೇ. ಹೇಗಾದರೂ ತುರುಕಬಹುದಿತ್ತು, ಆದರೆ ಬಿಸಿ ಅಲ್ಲೇ ಸುತ್ತಿ ಬಿಲ್ಲು ಏರುತ್ತಿತ್ತು. ಸಿಂಗಲ್ ಡೋರ್ ಆದರೆ 54 ಅಗಲ, ಎರಡು ಬದಿ ಸೇರಿ 64, ಸರಿಯಾಗಿ ಕೂರುತ್ತಿತ್ತು. ಜಾಗ ಸಿಂಗಲ್ ಅಂತ ಹೇಳಿತು, ಫ್ರೀಜರ್ ಡಬಲ್ ಅಂತ ಹೇಳಿತು.

ಹೀಗೆ ಸಿಕ್ಕಿಹಾಕಿಕೊಂಡಾಗ ಫ್ರೀಜರಿನ ಮಾತು ಕೇಳಿ, ಜಾಗ ಬದಲಿಸಿ ಅಂತ ನನ್ನ ಅಭಿಪ್ರಾಯ. ಫ್ರಿಜ್ ಅಡುಗೆಮನೆಯಲ್ಲೇ ಇರಬೇಕು ಅಂತ ಏನೂ ಇಲ್ಲ. ತಂಗಿ ಊಟದ ಕೋಣೆಯ ಗೋಡೆಗೆ ಇಟ್ಟಳು. ಸೌದೆ ಒಲೆ ಇನ್ನೂ ಉರಿಯುವ ನಮ್ಮ ಕಡೆಯ ಮನೆಗಳಲ್ಲಂತೂ ಅದೇ ಒಳ್ಳೆಯದು. ಒಲೆಯ ಬಿಸಿ, ಮಸಿ ಎರಡೂ ಫ್ರಿಜ್‌ಗೆ ಆಗುವುದಿಲ್ಲ. ಅಲ್ಲಿ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಇರಲಿಲ್ಲ. ಎಕ್ಸ್‌ಟೆನ್ಶನ್ ಬೋರ್ಡಿನಿಂದ ಎಳೆಯದೆ ಹೊಸ ಪಾಯಿಂಟ್ ಹಾಕಿಸಿದಳು.

ಅಳೆದ ಮೇಲೆ ಹಳೆಯ ಪೇಪರ್ ಹಾಳೆಗಳನ್ನು ಅಂಟಿಸಿ ಫ್ರಿಜ್‌ನ ಅಗಲ, ಆಳಕ್ಕೆ ಕತ್ತರಿಸಿ ನೆಲದಲ್ಲಿ ಹಾಸಿ. ಅದರ ಮುಂದೆ ಬಾಗಿಲು ತಿರುಗುವಷ್ಟು ಇನ್ನೊಂದು ಹಾಳೆ. ಬಾಗಿಲು 90 ಡಿಗ್ರಿ ತೆರೆದರೆ ಸಾಲದು. ಹಿಂಜ್ ಇರುವ ಬದಿಯಲ್ಲಿ ಗೋಡೆ ಇದ್ದರೆ ಬಾಗಿಲು ಅಲ್ಲಿಗೇ ನಿಂತು, ತರಕಾರಿ ಟ್ರೇಯನ್ನು ಪೂರ್ತಿ ಹೊರಗೆ ಎಳೆದು ತೊಳೆಯಲು ಬರುವುದಿಲ್ಲ. ಈ ವಿಷಯದಲ್ಲಿ ಡಬಲ್ ಡೋರಿಗೂ ಸಿಂಗಲ್‌ಗೂ ಕಷ್ಟ ಒಂದೇ. ಕೊನೆಗೆ ಮನೆಯ ಹೆಬ್ಬಾಗಿಲು, ಒಳಬಾಗಿಲು ಅಳೆಯಿರಿ. ಹಳೆಯ ಮನೆಗಳ ಒಳಬಾಗಿಲು ಕಿರಿದು, ಹೊಸ್ತಿಲು ಎತ್ತರ.

ಕರೆಂಟ್ ಹೋದಾಗ

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಒಂದು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸತಲ್ಲ. ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪಾಗಿರುತ್ತದೆ, ಯಾವ ಫ್ರಿಜ್ ಆದರೂ ಅಷ್ಟೇ. ಫ್ರೀಜರಿನಲ್ಲಿ ಡಬಲ್ ಡೋರ್ ಮುಂದೆ: ತುಂಬಿದ್ದು ಗಟ್ಟಿಯಾಗಿದ್ದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅರ್ಧ ಖಾಲಿ ಇದ್ದರೆ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಹೆಪ್ಪುಗಟ್ಟಿಸಿ ಇಟ್ಟುಬಿಡಿ. ಪೂರ್ತಿ ಕರಗಿ ಬೆಚ್ಚಗಾದ ಮೀನನ್ನು ಮತ್ತೆ ಗಟ್ಟಿ ಮಾಡಿ ಇಡಬೇಡಿ.

ಮನೆಯ ಇನ್ವರ್ಟರಿಗೆ ಫ್ರಿಜ್ ಹಾಕುವ ಆಲೋಚನೆ ಇದ್ದರೆ ಮೆಲ್ಲಗೆ ಶುರುವಾಗುವ ಇನ್ವರ್ಟರ್ ಕಂಪ್ರೆಸರ್ ಇರುವ ಮಾದರಿಯನ್ನೇ ನೋಡಿ. ಹಳೆಯ ಬಗೆಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಸಣ್ಣ ಇನ್ವರ್ಟರ್ ಅಲ್ಲೇ ಕೈಕೊಡುತ್ತದೆ. ವೋಲ್ಟೇಜ್ ಏರಿಳಿತ ಇರುವ ಊರಾದರೆ, ಸ್ಟೆಬಿಲೈಸರ್ ಬೇಡ ಎಂಬ ಮಾತನ್ನು ಹಾಗೇ ನಂಬದೆ ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ಎಂದು ಚೀಟಿಯಲ್ಲಿ ಓದಿ. ಸಂಜೆ 7 ಗಂಟೆಗೆ ನಿಮ್ಮ ಮನೆಯ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಅಳೆಸಿ ಹೋಲಿಸಿ.

ಹಣ ಕೊಡುವ ಮೊದಲು

ತಂಗಿಯ ಮುಂದಿದ್ದ ಎರಡು ಫ್ರಿಜ್‌ಗಳ ಬೆಲೆಯಲ್ಲಿ 8,500 ರೂಪಾಯಿ ವ್ಯತ್ಯಾಸ ಇತ್ತು. ಹತ್ತು ವರ್ಷದ ಕರೆಂಟ್ ಸೇರಿಸಿದರೆ ಇನ್ನೊಂದು ನಾಲ್ಕು ಸಾವಿರದ ಚಿಲ್ಲರೆ. ಅಂದರೆ 40 ಲೀಟರ್ ಹೆಚ್ಚಿನ ಫ್ರೀಜರಿಗೆ, ಐಸ್ ಕರಗಿಸುವ ಕೆಲಸ ತಪ್ಪುವುದಕ್ಕೆ ತಂಗಿ ಕೊಟ್ಟದ್ದು ಸುಮಾರು 13 ಸಾವಿರ. ಅವಳಿಗೆ ಅದು ಸರಿ ಕಂಡಿತು. ಅಕ್ಕ ಅದೇ ಹಣದಲ್ಲಿ ಸ್ವಲ್ಪ ಸೇರಿಸಿ 215 ಲೀಟರಿನ, 5 ಸ್ಟಾರಿನ ಸಿಂಗಲ್ ಡೋರ್ ತೆಗೆದುಕೊಂಡರು. ಅವರಿಗೆ ಬೇಕಾದ ಕೆಳಗಿನ ಜಾಗ ಡಬಲ್ ಡೋರಿಗಿಂತಲೂ ಜಾಸ್ತಿ ಸಿಕ್ಕಿತು.

ಮಂಗಳೂರಿನಿಂದ ತರುವವರು, ನಿಮ್ಮ ಪಿನ್ ಕೋಡ್ ಹೇಳಿ ರಿಪೇರಿಗೆ ಬರುವವರು ಎಲ್ಲಿಯವರು ಎಂದು ಮೊದಲೇ ಕೇಳಿ. ಡಬಲ್ ಡೋರಿಗೆ ಇದು ಇನ್ನೂ ಮುಖ್ಯ. ಅದರಲ್ಲಿ ಕೆಡಬಹುದಾದ ಭಾಗಗಳು ಹೆಚ್ಚು. ಮೇಲೆ ಫ್ರೀಜರ್ ಗಟ್ಟಿ ತಂಪು, ಕೆಳಗೆ ಹಾಲು ಹುಳಿಯಾಗುತ್ತಿದೆ ಎಂದಾದರೆ ಮೊದಲು ತೂತುಗಳಿಗೆ ಏನಾದರೂ ಅಡ್ಡ ಇದೆಯೇ ನೋಡಿ. ಇಲ್ಲದಿದ್ದರೆ ಫ್ಯಾನ್ ನಿಂತಿರಬಹುದು, ಅಥವಾ ಹೀಟರ್ ಕೆಲಸ ಮಾಡದೆ ಹಲಗೆಯ ಹಿಂದೆ ಐಸ್ ಕಟ್ಟಿರಬಹುದು. ಫ್ರೀಜರಿನ ಹಿಂಬದಿಯ ಹಲಗೆಯ ಮೇಲೆ ಬಿಳಿಯ ಹಿಮ ಕಂಡರೆ ಅದು ಹೀಟರಿನ ಕಡೆಯ ದೋಷದ ಗುರುತು. ಫೋನ್ ಮಾಡುವಾಗ ಇಷ್ಟನ್ನು ಹೇಳಿದರೆ ರಿಪೇರಿಯವರು ಬೇಕಾದ ಭಾಗವನ್ನು ಹಿಡಿದುಕೊಂಡೇ ಬರುತ್ತಾರೆ. ಕಾಸರಗೋಡಿನಿಂದ ಎರಡು ಸಲ ಬಂದು ಹೋಗುವ ಸಮಯ ಉಳಿಯುತ್ತದೆ.

ಫ್ರಿಜ್ ಮನೆಗೆ ಬಂದ ದಿನ ಅದನ್ನು ನೆಟ್ಟಗೆ ನಿಲ್ಲಿಸಿ. ಗಾಡಿಯಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ಸ್ವಿಚ್ ಹಾಕಿ. ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು. ಖಾಲಿ ಫ್ರಿಜ್ ಒಂದೆರಡು ಗಂಟೆ ಓಡಿ ತಣ್ಣಗಾದ ಮೇಲೆ ಹಿಟ್ಟಿನ ಪಾತ್ರೆ ಒಳಗೆ ಹೋಗಲಿ.